ಮಾರ್ಫಿನ್ ಮಾತ್ರೆ, ಮುಚ್ಚಿಟ್ಟ ಮಾತು

ಗುಣವಾಗದ ಕಾಯಿಲೆಯವರನ್ನು ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳುತ್ತಿರುವ ಓದುಗರಿಂದ ಬಂದ ಪತ್ರಗಳಲ್ಲಿ ನಾಲ್ಕನ್ನು ಈ ಸಲ ಎತ್ತಿಕೊಂಡಿದ್ದೇನೆ. ಬರೆದವರ ಗುರುತು ಬಿಟ್ಟು ಉಳಿದದ್ದೆಲ್ಲ ಅವರ ಮಾತಿನಲ್ಲೇ ಇದೆ.

ನಮ್ಮ ತಂದೆಗೆ 64 ವರ್ಷ. ಶ್ವಾಸಕೋಶದ ಕ್ಯಾನ್ಸರ್, ಈಗ ಲಿವರಿಗೂ ಹರಡಿದೆ ಎಂದಿದ್ದಾರೆ. ಎರಡು ಕೀಮೋ ಮುಗಿದಿದೆ. ಕಳೆದ ಸಲ ಹೋದಾಗ ಡಾಕ್ಟರು, ‘ಪ್ಯಾಲಿಯೇಟಿವ್ ಕೇರ್ ವಿಭಾಗದಲ್ಲೂ ಒಮ್ಮೆ ತೋರಿಸಿಕೊಂಡು ಬನ್ನಿ’ ಎಂದು ಚೀಟಿ ಬರೆದುಕೊಟ್ಟರು. ನ್ಯೂಜೆರ್ಸಿಯಲ್ಲಿರುವ ತಮ್ಮನಿಗೆ ಫೋನಿನಲ್ಲಿ ಹೇಳಿದರೆ, ‘ಅದು ಹಾಸ್ಪಿಸ್ ಕಣೋ, ಕೊನೆ ಹಂತದವರಿಗೆ. ಕೀಮೋ ನಿಲ್ಲಿಸಿಬಿಡ್ತಾರೆ. ಬೇರೆ ಆಸ್ಪತ್ರೆ ನೋಡು’ ಎಂದು ರೇಗಿದ. ಚೀಟಿ ಇನ್ನೂ ಫೈಲಿನಲ್ಲೇ ಇದೆ. ಹೋಗಬೇಕೋ ಬೇಡವೋ?
— ಓದುಗ, ದಾವಣಗೆರೆ

ಹೋಗಿ, ಮುಂದಿನ ಕೀಮೋಗೆ ಹೋದ ದಿನವೇ ಹೋಗಿ. ಕೀಮೋ ನಿಲ್ಲುವುದಿಲ್ಲ.

ನಿಮ್ಮ ತಮ್ಮ ಹೇಳಿದ್ದು ಅವರಿರುವ ದೇಶದ ಹಾಸ್ಪಿಸ್ ಬಗ್ಗೆ. ಅಲ್ಲಿ ಮೆಡಿಕೇರ್ ವಿಮೆಯಡಿ ಹಾಸ್ಪಿಸ್ ಸೇರಬೇಕಾದರೆ, ಕಾಯಿಲೆ ಈಗಿನ ಗತಿಯಲ್ಲೇ ಸಾಗಿದರೆ ಉಳಿದಿರುವುದು ಆರು ತಿಂಗಳು ಅಥವಾ ಅದಕ್ಕಿಂತ ಕಡಿಮೆ ಎಂದು ವೈದ್ಯರು ಬರೆದುಕೊಡಬೇಕು. ಆ ಕಾಯಿಲೆಯನ್ನು ಗುಣಪಡಿಸಲೆಂದು ಮಾಡುವ ಚಿಕಿತ್ಸೆ ಸಾಕು ಎಂದು ರೋಗಿಯೂ ಒಪ್ಪಿ ಸಹಿ ಹಾಕಬೇಕು. ಅಲ್ಲಿಯವರ ಮನಸ್ಸಿನಲ್ಲಿ ಹಾಸ್ಪಿಸ್ ಎಂದರೆ ಕೊನೆಯ ಬಾಗಿಲು ಎನ್ನುವ ಭಾವನೆ ಕೂತಿರುವುದು ಇದರಿಂದಲೇ. ಪ್ಯಾಲಿಯೇಟಿವ್ ಕೇರಿಗೆ, ಅಂದರೆ ಉಪಶಮನ ಚಿಕಿತ್ಸೆಗೆ, ಇಂಥ ಯಾವ ಷರತ್ತೂ ಇಲ್ಲ, ಅಲ್ಲಿಯೂ ಇಲ್ಲ, ಇಲ್ಲಿಯೂ ಇಲ್ಲ. ಕ್ಯಾನ್ಸರ್ ಡಾಕ್ಟರು ಗಡ್ಡೆಯನ್ನು ನೋಡಿಕೊಳ್ಳುತ್ತಾರೆ. ಉಪಶಮನ ವಿಭಾಗದವರು ಅದೇ ಹೊತ್ತಿಗೆ ನಿಮ್ಮ ತಂದೆಯ ನೋವು, ಉಬ್ಬಸ, ವಾಂತಿ, ನಿದ್ದೆ, ಹೆದರಿಕೆ ಇವನ್ನು ನೋಡಿಕೊಳ್ಳುತ್ತಾರೆ. ಕಾಯಿಲೆ ಗೊತ್ತಾದ ದಿನದಿಂದಲೇ ಎರಡೂ ಜೊತೆಯಾಗಿ ನಡೆಯಬಹುದು. ಕ್ಯಾನ್ಸರ್ ಅಲ್ಲದೆ ಹೃದಯ, ಮೂತ್ರಪಿಂಡ, ಶ್ವಾಸಕೋಶ ಸೋಲುತ್ತಿರುವವರಿಗೂ ಇದು ಇದೆ. ಹಾಸ್ಪಿಸ್ ಇದರ ಒಂದು ಭಾಗ. ಗಡ್ಡೆಯ ಮೇಲಿನ ಚಿಕಿತ್ಸೆಯಿಂದ ಇನ್ನು ಉಪಯೋಗವಿಲ್ಲ ಎಂದಾದಾಗ, ಪೂರ್ತಿ ಗಮನ ನೆಮ್ಮದಿಯ ಕಡೆಗೇ ಹೋಗುವ ಹಂತ ಅದು. ಬೆಂಗಳೂರಿನ ಕರುಣಾಶ್ರಯ ಅಂಥದ್ದು. 1999ರಿಂದ ಮುಂದುವರಿದ ಹಂತದ ಕ್ಯಾನ್ಸರ್ ರೋಗಿಗಳನ್ನು ಹಣ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಿದೆ. ಅಲ್ಲಿಗೆ ಹೋದವರೆಲ್ಲ ಅಲ್ಲೇ ಉಳಿಯುತ್ತಾರೆ ಎಂದೇನೂ ಇಲ್ಲ. ನೋವು ಹತೋಟಿಗೆ ತಂದುಕೊಂಡು ಮನೆಗೆ ಮರಳುವವರೂ ಇದ್ದಾರೆ.

ನಿಮ್ಮ ತಮ್ಮನಿಗೆ ಹೇಳಲು ಒಂದು ವಿಷಯ ಕೊಡುತ್ತೇನೆ. ಅವರ ದೇಶದ ಬಾಸ್ಟನ್ನಿನಲ್ಲಿ, ನಿಮ್ಮ ತಂದೆಯಂತೆಯೇ ಶ್ವಾಸಕೋಶದ ಕ್ಯಾನ್ಸರ್ ಹರಡಿದ್ದ 151 ಮಂದಿಯ ಮೇಲೆ ಒಂದು ಅಧ್ಯಯನ ನಡೆಯಿತು. ಅರ್ಧದಷ್ಟು ಜನಕ್ಕೆ ಮಾಮೂಲು ಕ್ಯಾನ್ಸರ್ ಚಿಕಿತ್ಸೆ. ಉಳಿದವರಿಗೆ ಅದರ ಜೊತೆಗೆ ಮೊದಲಿನಿಂದಲೇ ಉಪಶಮನ ಚಿಕಿತ್ಸೆ. ಫಲಿತಾಂಶ ಪ್ರಕಟವಾಗಿದ್ದು 2010ರಲ್ಲಿ. ಎರಡನೆಯ ಗುಂಪಿನವರಲ್ಲಿ ಖಿನ್ನತೆ ಕಡಿಮೆಯಿತ್ತು, ದಿನಗಳು ಹೆಚ್ಚು ನೆಮ್ಮದಿಯಾಗಿದ್ದವು. ಬದುಕಿದ್ದ ಅವಧಿಯೂ ಕಡಿಮೆಯಾಗಲಿಲ್ಲ. ಮಧ್ಯಮಾನ 8.9 ತಿಂಗಳಿಗೆ ಬದಲು 11.6 ತಿಂಗಳಾಯಿತು. ಮುಂದಿನ ಅಧ್ಯಯನಗಳಲ್ಲಿ ಆಯಸ್ಸು ಹೆಚ್ಚಿದ್ದು ಎಲ್ಲ ಕಡೆಯೂ ಕಂಡಿಲ್ಲ, ಹಾಗಾಗಿ ಅದರ ಭರವಸೆ ನಾನು ಕೊಡುವುದಿಲ್ಲ. ಆ ಚೀಟಿಯಿಂದ ನಿಮ್ಮ ತಂದೆ ಕಳೆದುಕೊಳ್ಳುವುದು ಏನೂ ಇಲ್ಲ ಎಂಬುದನ್ನು ಮಾತ್ರ ಧೈರ್ಯವಾಗಿ ಹೇಳುತ್ತೇನೆ.

ನಮ್ಮ ಅತ್ತೆಗೆ ಸ್ತನದ ಕ್ಯಾನ್ಸರ್ ಬೆನ್ನುಮೂಳೆಗೆ ಬಂದಿದೆ. ರಾತ್ರಿಯೆಲ್ಲ ನರಳುತ್ತಾರೆ. ಮಾರ್ಫಿನ್ 10 ಎಂಜಿ ಮಾತ್ರೆ ಕೊಟ್ಟಿದ್ದಾರೆ. ‘ನಾಲ್ಕು ಗಂಟೆಗೊಂದು’ ಎಂದು ಬರೆದಿದೆ. ಆದರೆ ಅದು ಅಫೀಮು, ಚಟ ಹತ್ತುತ್ತದೆ, ಉಸಿರು ನಿಲ್ಲುತ್ತದೆ ಎಂದು ಮನೆಯವರು ಹೇಳುವುದರಿಂದ ತೀರಾ ತಡೆಯಲಾರದಾಗ ಮಾತ್ರ ಒಂದು ಕೊಡುತ್ತಿದ್ದೇನೆ. ಕೊಟ್ಟ ದಿನ ನಿದ್ದೆ, ವಾಕರಿಕೆ. ಐದು ದಿನದಿಂದ ಕಕ್ಕಸು ಆಗಿಲ್ಲ. ನಿಲ್ಲಿಸಿಬಿಡಲೇ?
— ಓದುಗಿ, ಸಾಗರ

ನಿಲ್ಲಿಸಬೇಡಿ ತಾಯಿ. ಕೊಡುವ ಕ್ರಮ ಬದಲಿಸಿದರೆ ನೀವು ಬರೆದ ತೊಂದರೆಗಳಲ್ಲಿ ಹೆಚ್ಚಿನವು ಹೋಗುತ್ತವೆ.

ಈ ಮಾತ್ರೆ ಕೆಲಸ ಮಾಡುವುದು ಸುಮಾರು ನಾಲ್ಕು ಗಂಟೆ. ನೋವು ತಲೆಯೆತ್ತಿದ ಮೇಲೆ ಕೊಟ್ಟರೆ ಅದು ಹಿಡಿಯಲು ಅರ್ಧ ಮುಕ್ಕಾಲು ಗಂಟೆ ಬೇಕು, ಅಷ್ಟರಲ್ಲಿ ನೋವು ಮೈತುಂಬ ಹರಡಿರುತ್ತದೆ. ಅದಕ್ಕೇ ಗಡಿಯಾರ ನೋಡಿ ಕೊಡಬೇಕು, ಅತ್ತೆಯ ಮುಖ ನೋಡಿಕೊಂಡಲ್ಲ. ಬೆಳಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ಆಮೇಲೆ ರಾತ್ರಿ 10. ರಾತ್ರಿ ಎರಡಕ್ಕೆ ಎಬ್ಬಿಸಿ ಕೊಡುವುದು ಯಾರಿಗೂ ಕಷ್ಟ ಎಂದು, ಹತ್ತು ಗಂಟೆಯ ಸಲ ಎರಡು ಮಾತ್ರೆ ಒಟ್ಟಿಗೆ ಕೊಡುವ ಪದ್ಧತಿ ನಮ್ಮಲ್ಲಿ ಇದೆ. ನಿಮ್ಮ ಚೀಟಿಯಲ್ಲಿ ಹಾಗೆ ಬರೆದಿದೆಯೇ ನೋಡಿ, ಇಲ್ಲದಿದ್ದರೆ ಕೇಳಿಕೊಂಡೇ ಮಾಡಿ. ಅಲ್ಲಿಗೆ ದಿನಕ್ಕೆ 60 ಎಂಜಿ. ನಡುವೆ ನೋವು ಚುಚ್ಚಿ ಬಂದರೆ ಕೊಡಲು ಬಹಳಷ್ಟು ಡಾಕ್ಟರು ಹೆಚ್ಚುವರಿಯಾಗಿ ಒಂದು ಮಾತ್ರೆಗೆ ಅನುಮತಿ ಕೊಟ್ಟಿರುತ್ತಾರೆ. ಒಂದು ನೋಟ್‌ಬುಕ್ಕಿನಲ್ಲಿ ಕೊಟ್ಟ ಹೊತ್ತು, ಆಗಿನ ನೋವು, ಒಂದು ಗಂಟೆ ಬಿಟ್ಟು ಹೇಗಿತ್ತು, ಇಷ್ಟನ್ನು ಬರೆದಿಡಿ. ದಿನಕ್ಕೆ ಮೂರು ಹೆಚ್ಚುವರಿ ಮಾತ್ರೆ ಬೇಕಾಗುತ್ತಿದೆ ಎನ್ನಿ. 60ಕ್ಕೆ 30 ಸೇರಿ 90 ಆಯಿತು. ಆ ಪುಸ್ತಕ ನೋಡಿದ ಡಾಕ್ಟರು ಪ್ರತಿ ಸಲದ ಪ್ರಮಾಣವನ್ನು 15ಕ್ಕೆ ಏರಿಸಬಹುದು. ಆ ಲೆಕ್ಕ ಅವರದ್ದೇ ಆಗಿರಲಿ, ನೀವಾಗಿ ಏರಿಸಬೇಡಿ. ಮೂತ್ರಪಿಂಡ ದುರ್ಬಲವಾಗಿದ್ದವರಲ್ಲಿ ಈ ಔಷಧಿ ಮೈಯಲ್ಲೇ ಉಳಿದು ಸೇರುತ್ತಾ ಹೋಗುತ್ತದೆ, ಅಂಥವರಿಗೆ ಲೆಕ್ಕವೇ ಬೇರೆ.

ಮಂಪರು ಮೊದಲ ಎರಡು ಮೂರು ದಿನ ಸಹಜ. ಅದರಲ್ಲಿ ಒಂದಿಷ್ಟು, ವಾರಗಟ್ಟಲೆ ಕೆಟ್ಟ ನಿದ್ದೆ ತೀರಿಸಿಕೊಳ್ಳುವುದೂ ಹೌದು. ವಾಕರಿಕೆಯೂ ಸಾಮಾನ್ಯವಾಗಿ ಒಂದು ವಾರದೊಳಗೆ ತಗ್ಗುತ್ತದೆ, ಅಷ್ಟು ದಿನಕ್ಕೆ ಮೆಟೊಕ್ಲೊಪ್ರಮೈಡ್‌ನಂಥ ಮಾತ್ರೆ ಕೊಡುತ್ತಾರೆ. ನೀವು ಆಗೊಮ್ಮೆ ಈಗೊಮ್ಮೆ ಕೊಡುತ್ತಿರುವುದರಿಂದ ಅತ್ತೆಯ ಮೈ ಇದಕ್ಕೆ ಒಗ್ಗಿಕೊಳ್ಳಲೇ ಇಲ್ಲ, ಪ್ರತಿ ಸಲವೂ ಮೊದಲ ದಿನದಂತೆಯೇ ಆಗುತ್ತಿದೆ. ಮಲಬದ್ಧತೆ ಮಾತ್ರ ತಾನಾಗಿ ಹೋಗುವುದಿಲ್ಲ. ಮಾರ್ಫಿನ್ ಇರುವಷ್ಟು ದಿನವೂ ರಾತ್ರಿ ಬಿಸಾಕೊಡಿಲ್‌ನಂಥ ಭೇದಿ ಮಾತ್ರೆ ಜೊತೆಗೆ ಇರಲೇಬೇಕು. ಅದನ್ನು ಬರೆದುಕೊಡದಿದ್ದರೆ ಕೇಳಿ ಬರೆಸಿಕೊಳ್ಳಿ. ಈಗ ಐದು ದಿನ ಆಗಿರುವುದರಿಂದ ಮೊದಲು ನರ್ಸನ್ನು ಕರೆಸಿ, ಗಟ್ಟಿಯಾಗಿ ಕಟ್ಟಿಕೊಂಡಿದೆಯೇ ಪರೀಕ್ಷೆ ಮಾಡಿಸಿ. ಎನಿಮಾ ಬೇಕಾಗಬಹುದು.

ಚಟದ ಹೆದರಿಕೆ ಬಿಡಿ. ನೋವಿಗೆಂದು ಲೆಕ್ಕ ಹಾಕಿ ಕೊಡುವ ಮಾರ್ಫಿನ್ನಿಗೆ ಇಂಥ ರೋಗಿಗಳು ಚಟಕ್ಕೆ ಬೀಳುವುದು ತೀರಾ ವಿರಳ. ರೇಡಿಯೇಷನ್ನಿನಿಂದ ನೋವು ಇಳಿದು ಮಾತ್ರೆಯನ್ನು ಮೆಲ್ಲಗೆ ತಗ್ಗಿಸಿ ಬಿಟ್ಟವರು ಎಷ್ಟೋ ಜನ. ಒಮ್ಮೆಲೇ ನಿಲ್ಲಿಸಿದರೆ ಮಾತ್ರ ಮೈ ನಡುಗಿ ಬೆವರುತ್ತದೆ, ಆದ್ದರಿಂದ ಹಂತ ಹಂತವಾಗಿ ಇಳಿಸುತ್ತಾರೆ. ಉಸಿರು ನಿಲ್ಲುತ್ತದೆಂಬುದೂ ಹಾಗೆಯೇ. ಪ್ರಮಾಣ ಅತಿಯಾಗುವ ಮುಂಚೆ ಬೇರೆ ಗುರುತುಗಳು ಕಾಣುತ್ತವೆ: ಕರೆದರೂ ಎಚ್ಚರಾಗದಷ್ಟು ಮಂಪರು, ಕೈಕಾಲು ತಟ್ಟನೆ ಅದುರುವುದು, ಇಲ್ಲದ್ದು ಕಾಣುವುದು. ಇವು ಕಂಡರೆ ಮುಂದಿನ ಮಾತ್ರೆ ಕೊಡುವ ಮೊದಲು ಡಾಕ್ಟರಿಗೆ ಫೋನ್ ಮಾಡಿ. ಮಂಪರಿನ ಜೊತೆಗೆ ಉಸಿರೂ ನಿಧಾನವಾಗುತ್ತಿದ್ದರೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ನಿಮ್ಮ ಪತ್ರದಲ್ಲಿ ಇಲ್ಲದ, ಆದರೆ ಹೇಳದೆ ಇರಲಾರದ ಎರಡು ಮಾತು. ಮೂಳೆಯ ನೋವಿಗೆ ಒಂದೇ ಸಿಟ್ಟಿಂಗಿನ ರೇಡಿಯೇಷನ್ ಬಹಳ ಜನರಿಗೆ ಚೆನ್ನಾಗಿ ಹಿಡಿಯುತ್ತದೆ, ಪೂರ್ತಿ ಫಲ ಕಾಣಲು ಕೆಲವು ವಾರ ಬೇಕು. ಮಾಡಿಸಿಲ್ಲವಾದರೆ ಕೇಳಿ. ಎರಡನೆಯದು ಇನ್ನೂ ಮುಖ್ಯ. ಅತ್ತೆಗೆ ಕಾಲು ಸೋಲುವುದು, ಸೊಂಟದ ಕೆಳಗೆ ಜೋಮು, ಮೂತ್ರ ಕಟ್ಟುವುದು, ಇವುಗಳಲ್ಲಿ ಯಾವುದೊಂದು ಹೊಸದಾಗಿ ಶುರುವಾದರೂ ‘ನಿಶ್ಶಕ್ತಿ’ ಎಂದು ಸುಮ್ಮನಿರಬೇಡಿ. ಬೆನ್ನುಹುರಿ ಒತ್ತಿಕೊಳ್ಳುತ್ತಿರಬಹುದು. ಅದೇ ದಿನ ಆಸ್ಪತ್ರೆ ಮುಟ್ಟಬೇಕು. ಒಮ್ಮೆ ಕಾಲಿನ ಬಲ ಪೂರ್ತಿ ಹೋದರೆ ಮರಳುವುದು ಕಷ್ಟ.

ಮಾತ್ರೆಯನ್ನು ಬೀಗ ಹಾಕಿಡಿ, ಎಣಿಸಿಡಿ, ಉಳಿದದ್ದನ್ನು ಕೊಟ್ಟ ಆಸ್ಪತ್ರೆಗೇ ಮರಳಿಸಿ. 2014ರಲ್ಲಿ ಮಾದಕವಸ್ತು ಕಾಯಿದೆಗೆ ತಿದ್ದುಪಡಿ ಆದ ಮೇಲೆ ಮಾನ್ಯತೆ ಪಡೆದ ಆಸ್ಪತ್ರೆಗಳಿಗೆ ಇದನ್ನು ಇಟ್ಟುಕೊಳ್ಳುವುದು ಸುಲಭವಾಗಿದೆ, ಆದರೂ ಎಲ್ಲ ಊರಿನ ಮೆಡಿಕಲ್ ಶಾಪಿನಲ್ಲಿ ಸಿಗುವುದಿಲ್ಲ. ಬೆಂಗಳೂರಿನ ಕಿದ್ವಾಯಿ, ಮಣಿಪಾಲದ ಕೆಎಂಸಿಯಂಥ ಕಡೆ ಇದಕ್ಕೆಂದೇ ವಿಭಾಗವಿದೆ. ಕೊನೆಯ ಮಾತ್ರೆ ಮುಗಿಯುವ ಒಂದು ವಾರ ಮುಂಚೆಯೇ ಹೊರಡಿ.

ನಮ್ಮವ್ವಗ 71. ಪ್ಯಾಂಕ್ರಿಯಾಸ್ ಕ್ಯಾನ್ಸರ್. ಕಾಮಾಲೆ ಆಗಿತ್ತು, ಸ್ಟೆಂಟ್ ಹಾಕ್ಯಾರ. ಇನ್ನು ಆಪರೇಷನ್ ಆಗೂದಿಲ್ಲ ಅಂತ ಡಾಕ್ಟರು ನಮಗ ಹೇಳ್ಯಾರ. ಅವ್ವಗ ಮಾತ್ರ ‘ಕರುಳಿನ ಹುಣ್ಣು’ ಅಂತ ಹೇಳೀವಿ. ನಮ್ಮಣ್ಣ, ‘ಖರೇ ಹೇಳಿದ್ರ ಅವತ್ತೇ ಎದೆ ಒಡಕೋತಾಳ’ ಅಂತಾನ, ಐಸಿಯುಗೆ ಹಾಕೂದಾದ್ರೂ ಹಾಕೂಣು ಅಂತಾನ. ನನ್ನ ಹೆಂಡತಿ ಮನ್ಯಾಗ ಇರಲಿ ಅಂತಾಳ. ಮೂರು ದಿನದ ಹಿಂದ ಅವ್ವ ನನ್ನ ಕೈ ಹಿಡಕೊಂಡು, ‘ನೀವೆಲ್ಲಾ ಏನರ ಮುಚ್ಚಿಡಾಕತ್ತೀರೇನಪಾ?’ ಅಂತ ಕೇಳಿದಳು. ಏನು ಹೇಳಬೇಕು?
— ಓದುಗ, ಧಾರವಾಡ ಜಿಲ್ಲೆ

ಆ ಪ್ರಶ್ನೆ ಕೇಳಿದಾಗಲೇ ನಿಮ್ಮ ತಾಯಿಗೆ ಅರ್ಧ ಗೊತ್ತಾಗಿದೆ. ತೂಕ ಇಳಿದದ್ದು, ಮಕ್ಕಳು ಹೊರಗೆ ಹೋಗಿ ಫೋನಿನಲ್ಲಿ ಮಾತಾಡುವುದು, ಸಂಬಂಧಿಕರು ಸಾಲಾಗಿ ಬಂದು ನೋಡಿ ಹೋಗುವುದು, ಎಲ್ಲವನ್ನೂ ಅವರು ಗಮನಿಸಿದ್ದಾರೆ. ಈಗ ಅವರೂ ನಿಮ್ಮ ಮುಂದೆ ಗೊತ್ತಿಲ್ಲದವರಂತೆ ಇರಬೇಕಾಗಿದೆ. ಒಂದೇ ಮನೆಯಲ್ಲಿ ಎಲ್ಲರೂ ಒಬ್ಬೊಬ್ಬರೇ ಅಳುವ ಪರಿಸ್ಥಿತಿ ಅದು. ನಿಮ್ಮಣ್ಣನ ಹೆದರಿಕೆ ಪ್ರೀತಿಯಿಂದ ಬಂದದ್ದು, ಅದನ್ನು ತಳ್ಳಿಹಾಕಬೇಡಿ. ಆದರೆ ಕೇಳಿದವರಿಗೆ, ಅವರು ಕೇಳಿದಷ್ಟನ್ನು ಮೆಲ್ಲಗೆ ಹೇಳಿದ್ದಕ್ಕೆ ಎದೆಯೊಡೆದವರನ್ನು ನಾನು ಕಂಡಿಲ್ಲ. ಅಳುತ್ತಾರೆ, ಒಂದೆರಡು ದಿನ ಮಾತಾಡುವುದಿಲ್ಲ, ಆಮೇಲೆ ತಮಗೆ ಬೇಕಾದದ್ದನ್ನು ಹೇಳತೊಡಗುತ್ತಾರೆ.

ಮೊದಲು ಅಣ್ಣ, ನೀವು, ನಿಮ್ಮ ಹೆಂಡತಿ ಮೂವರೂ ಒಟ್ಟಿಗೆ ಡಾಕ್ಟರ ಮುಂದೆ ಕೂರಿ. ಒಬ್ಬೊಬ್ಬರು ಒಂದೊಂದು ದಿನ ಹೋಗಿ ಒಂದೊಂದು ಮಾತು ಕೇಳಿಕೊಂಡು ಬಂದದ್ದರಿಂದಲೇ ಮನೆಯಲ್ಲಿ ಅರ್ಧ ಜಗಳ ಹುಟ್ಟಿರುತ್ತದೆ. ‘ಎಷ್ಟು ದಿನ?’ ಎಂದು ಕೇಳುವ ಬದಲು, ‘ಮುಂದಿನ ಎರಡು ಮೂರು ತಿಂಗಳಲ್ಲಿ ಏನೇನು ಆಗಬಹುದು?’ ಎಂದು ಕೇಳಿ. ‘ಇವರನ್ನು ಐಸಿಯುಗೆ ಹಾಕಿದರೆ ಅಲ್ಲಿಂದ ಎದ್ದು ಮನೆಗೆ ಬರುವ ಸಾಧ್ಯತೆ ಎಷ್ಟಿದೆ?’ ಎಂದೂ ಕೇಳಿ. ಸ್ಟೆಂಟ್ ಕಟ್ಟಿಕೊಂಡು ಜ್ವರ ಚಳಿ ಬಂದರೆ ಆಸ್ಪತ್ರೆಗೆ ಹೋಗುವುದು ಸರಿಯೇ, ಆಂಟಿಬಯೋಟಿಕ್ ಕೊಟ್ಟು ಸ್ಟೆಂಟ್ ಬದಲಿಸಿದರೆ ಎದ್ದು ಕೂರಬಹುದು. ಕಾಯಿಲೆಯೇ ಮೈಯನ್ನು ಪೂರ್ತಿ ಸೋಲಿಸಿದ ಮೇಲೆ ವೆಂಟಿಲೇಟರಿಗೆ ಹಾಕುವುದು ಬೇರೆ ವಿಷಯ. ಆಸ್ಪತ್ರೆಯೋ ಮನೆಯೋ ಎಂದು ಒಂದೇ ಸಲಕ್ಕೆ ತೀರ್ಮಾನಿಸಬೇಕಿಲ್ಲ. ಯಾವ ತೊಂದರೆಗೆ ಹೋಗಬೇಕು, ಯಾವುದಕ್ಕೆ ಬೇಡ ಎಂದು ಬಿಡಿಬಿಡಿಯಾಗಿ ಮಾತಾಡಿಕೊಳ್ಳಿ.

ಆಮೇಲೆ ತಾಯಿಯ ಹತ್ತಿರ. ಟಿವಿ ಆರಿಸಿ, ಬಂದವರನ್ನು ಕಳಿಸಿ, ಪಕ್ಕದಲ್ಲಿ ಕೂತು, ಹೇಳುವ ಮೊದಲು ಕೇಳಿ: ‘ಅವ್ವಾ, ನಿನಗ ಏನಾಗೇದ ಅಂತ ನಿನಗ ಅನಸ್ತದ?’ ಉತ್ತರ ಬರುವವರೆಗೆ ಸುಮ್ಮನಿರಿ, ಆ ಮೌನವನ್ನು ನಿಮ್ಮ ಮಾತಿನಿಂದ ತುಂಬಬೇಡಿ. ಆಮೇಲೆ, ‘ಡಾಕ್ಟರು ಹೇಳಿದ್ದೆಲ್ಲಾ ನಿನಗ ಹೇಳಲೇನು, ಇಲ್ಲಾ ಅಣ್ಣಗ ಹೇಳಿದ್ರ ಸಾಕೇನು?’ ‘ನೀವ ನೋಡಕೋರಿ’ ಎಂದರೆ ಅದೂ ಅವರ ತೀರ್ಮಾನವೇ, ಬಲವಂತವಾಗಿ ಹೇಳಬೇಡಿ. ‘ಹೇಳು’ ಎಂದರೆ ಸುಳ್ಳು ಬೇಡ: ‘ಇದು ಹುಣ್ಣಲ್ಲವ್ವಾ, ಗಡ್ಡಿ. ಪೂರ್ತಿ ತೆಗೆಯಾಕ ಆಗೂದಿಲ್ಲ ಅಂದಾರ. ನೋವು ಇರದಂಗ ನೋಡ್ಕೋತಾರ. ನಾವೂ ನಿನ್ನ ಬಿಟ್ಟು ಹೋಗೂದಿಲ್ಲ.’ ಅಷ್ಟು ಸಾಕು ಅವತ್ತಿಗೆ. ಮತ್ತೊಂದು ದಿನ, ‘ನಿನಗ ಯಾವುದರ ಅಂಜಿಕಿ ಅದ? ಏನು ಆಗಬೇಕು, ಏನು ಆಗಬಾರದು?’ ಎಂದು ಕೇಳಿ.

ಈ ಕೊನೆಯ ಪ್ರಶ್ನೆಯ ಉತ್ತರದಿಂದಲೇ ಚಿಕಿತ್ಸೆ ರೂಪುಗೊಳ್ಳುತ್ತದೆ. ಅಂಡಾಶಯದ ಕ್ಯಾನ್ಸರಿದ್ದ ನಿವೃತ್ತ ಶಿಕ್ಷಕಿಯೊಬ್ಬರು ಮಕ್ಕಳ ಮುಂದೆ ನನಗೆ ಹೇಳಿದ್ದು ಎರಡೇ ಮಾತು. ಕೊನೆಯವರೆಗೂ ಮಾತಾಡುವ ಎಚ್ಚರ ಇರಬೇಕು. ಬಟ್ಟೆ ಬದಲಿಸುವ ಕೆಲಸ ಗಂಡುಮಕ್ಕಳ ಮೇಲೆ ಬೀಳಬಾರದು. ಮಕ್ಕಳು ಅಷ್ಟು ದಿನ ಜಗಳಾಡುತ್ತಿದ್ದದ್ದು ಇನ್ನೊಂದು ಬಗೆಯ ಕೀಮೋ ಬಗ್ಗೆ. ತಾಯಿಯ ಮಾತು ಕೇಳಿದ ಮೇಲೆ ತೀರ್ಮಾನಗಳು ತಾವಾಗಿ ಬಂದವು. ಹಾಸಿಗೆ ಹಿಡಿಸುವ ಕೀಮೋ ಬೇಡವಾಯಿತು. ಹೊಟ್ಟೆಯಲ್ಲಿ ತುಂಬಿದ ನೀರನ್ನು ಆಗಾಗ ತೆಗೆಸುವುದು ಬೇಕಾಯಿತು, ಏಕೆಂದರೆ ಅರ್ಧ ದಿನದ ಆಸ್ಪತ್ರೆ ವಾಸಕ್ಕೆ ಬದಲಾಗಿ ಹಲವು ದಿನ ಸರಾಗ ಉಸಿರು, ಕೂತು ಮಾತಾಡುವ ತ್ರಾಣ ಸಿಗುತ್ತಿತ್ತು. ಮಂಪರು ತರಿಸುವ ಔಷಧಿಗಳನ್ನು ಆದಷ್ಟು ತಗ್ಗಿಸಿ ಕೊಟ್ಟೆವು, ಸ್ವಲ್ಪ ನೋವು ಉಳಿದರೂ ಪರವಾಗಿಲ್ಲ ಎಂದು ಅವರೇ ಹೇಳಿದ್ದರು. ಹಗಲಿಗೆ ಒಬ್ಬ ಆಯಾ ಬಂದರು. ಕೀಮೋ ಬೇಡ ಎಂದು ಅವರು ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ.

ಕಾನೂನಿನ ಮಾತೂ ಇಲ್ಲಿ ಬರುತ್ತದೆ. ನನ್ನ ಕೊನೆಗಾಲದಲ್ಲಿ ಇಂಥ ಯಂತ್ರ ಬೇಡ ಎಂದು ಮೊದಲೇ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ಮಾನ್ಯ ಮಾಡಿತು, 2023ರಲ್ಲಿ ವಿಧಾನವನ್ನು ಸರಳಗೊಳಿಸಿತು. ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಮುಂದೆ ಸಹಿ, ತಮ್ಮ ಪರವಾಗಿ ಮಾತಾಡುವವರ ಹೆಸರು, ಇಷ್ಟಿದ್ದರೆ ಸಾಕು. ಕರ್ನಾಟಕ ಸರ್ಕಾರವೂ 2025ರ ಜನವರಿಯಲ್ಲಿ ಇದನ್ನು ಜಾರಿಗೆ ತರುವ ಸುತ್ತೋಲೆ ಹೊರಡಿಸಿದೆ. ಬರೆದಿಡದವರ ವಿಷಯದಲ್ಲೂ ಮನೆಯವರ ಒಪ್ಪಿಗೆ ಮತ್ತು ಎರಡು ವೈದ್ಯ ಮಂಡಳಿಗಳ ಅಭಿಪ್ರಾಯದ ಮೇಲೆ ವೆಂಟಿಲೇಟರ್ ತೆಗೆಯಲು ದಾರಿಯಿದೆ. ಇದು ದಯಾಮರಣದ ಇಂಜೆಕ್ಷನ್ ಅಲ್ಲ, ಅದು ನಮ್ಮ ದೇಶದಲ್ಲಿ ಈಗಲೂ ಅಪರಾಧ. ನಿಮ್ಮ ತಾಯಿ ಎಚ್ಚರವಾಗಿದ್ದಾರೆ, ಬೇಕೆಂದರೆ ಈಗಲೇ ಬರೆದಿಡಬಹುದು.

ಮನೆಗೆ ಕರೆತರುವುದೇ ಎಂದಾದರೆ, ‘ನಮ್ಮ ಇಚ್ಛೆಯಿಂದ ಕರೆದೊಯ್ಯುತ್ತಿದ್ದೇವೆ’ ಎಂಬ ಕಾಗದಕ್ಕೆ ಸಹಿ ಹಾಕಿ ಬರಿಗೈಯಲ್ಲಿ ಬರಬೇಡಿ. ಇದು ಇಲ್ಲಿ ದಿನವೂ ನಡೆಯುತ್ತದೆ, ರೋಗಿ ಮನೆಯಲ್ಲಿ ಔಷಧಿಯಿಲ್ಲದೆ ಒದ್ದಾಡುತ್ತಾರೆ. ನೋವಿಗೆ, ವಾಂತಿಗೆ, ತಳಮಳಕ್ಕೆ ಏನು ಕೊಡಬೇಕು, ರಾತ್ರಿ ಯಾವ ನಂಬರಿಗೆ ಫೋನ್ ಮಾಡಬೇಕು, ಇದನ್ನು ಬರೆಸಿಕೊಂಡು, ಔಷಧಿ ಕೈಗೆ ಬಂದ ಮೇಲೆಯೇ ಹೊರಡಿ.

ನಮ್ಮ ಯಜಮಾನರು ಹೋಗಿ ಎರಡು ತಿಂಗಳಾಯಿತು. ಕೊನೆಯ ನಾಲ್ಕೈದು ದಿನ ನೀರೂ ಇಳಿಯುತ್ತಿರಲಿಲ್ಲ. ಮನೆಗೆ ಬರುತ್ತಿದ್ದ ನರ್ಸ್ ಡ್ರಿಪ್ ಬೇಡ ಎಂದರು. ನಾದಿನಿ ಈಗಲೂ ‘ಅಣ್ಣನನ್ನು ಉಪವಾಸ ಕೆಡವಿಬಿಟ್ಟಿರಿ’ ಎನ್ನುತ್ತಾಳೆ. ಕೊನೆಯಲ್ಲಿ ಗಂಟಲಲ್ಲಿ ಗೊರಗೊರ ಶಬ್ದವೂ ಇತ್ತು. ನಾನು ತಪ್ಪು ಮಾಡಿದೆನೇ?
— ಓದುಗಿ, ಮೈಸೂರು

ಇಲ್ಲಮ್ಮ. ಸಾವು ಹತ್ತಿರವಾದಾಗ ಹಸಿವು, ಬಾಯಾರಿಕೆ ತಾವಾಗಿ ಇಂಗುತ್ತವೆ. ಮೈ ಅನ್ನವನ್ನು ಬಳಸಿಕೊಳ್ಳುವುದನ್ನೇ ಬಿಟ್ಟಿರುತ್ತದೆ. ನಿಮ್ಮ ಯಜಮಾನರು ಊಟ ಬಿಟ್ಟದ್ದರಿಂದ ಹೋಗಲಿಲ್ಲ, ಹೋಗುತ್ತಿದ್ದುದರಿಂದ ಊಟ ಬಿಟ್ಟಿದ್ದರು. ಆ ದಿನಗಳಲ್ಲಿ ಬಾಟಲಿಗಟ್ಟಲೆ ನೀರು ಏರಿಸಿದರೆ ಅದು ಹೋಗಲು ದಾರಿಯಿಲ್ಲದೆ ಕೈಕಾಲು ಊದಬಹುದು, ಎದೆಯಲ್ಲಿ ಕಫ ಹೆಚ್ಚಬಹುದು. ಗೊರಗೊರ ಶಬ್ದ ಇನ್ನೂ ಜೋರಾಗುತ್ತಿತ್ತೇನೋ. ಆ ಶಬ್ದ ನುಂಗಲಾಗದ ಎಂಜಲು ಗಂಟಲಲ್ಲಿ ನಿಂತು ಬರುವಂಥದ್ದು, ಆ ಹೊತ್ತಿಗೆ ರೋಗಿಗೆ ಅದರ ಅರಿವು ಸಾಮಾನ್ಯವಾಗಿ ಇರುವುದಿಲ್ಲ. ಮಗ್ಗುಲಿಗೆ ತಿರುಗಿಸಿ ಮಲಗಿಸುವುದು, ಬಾಯಿಯನ್ನು ಒದ್ದೆ ಹತ್ತಿಯಿಂದ ಒರೆಸಿ ತುಟಿಗೆ ವ್ಯಾಸಲೀನ್ ಹಚ್ಚುವುದು, ಬೇಕಾದರೆ ಕಫ ಒಣಗಿಸುವ ಇಂಜೆಕ್ಷನ್, ಇದೇ ಸರಿಯಾದ ಆರೈಕೆ. ನರ್ಸ್ ಹೇಳಿದ್ದು ಸರಿ. ಈ ಉತ್ತರವನ್ನು ನಿಮ್ಮ ನಾದಿನಿಗೂ ಓದಲು ಕೊಡಿ. ಅಣ್ಣನನ್ನು ಕಳೆದುಕೊಂಡ ಸಂಕಟ ಅವರನ್ನು ಹಾಗೆ ಮಾತಾಡಿಸುತ್ತಿರಬೇಕು.

ಇಂಥ ದಿನಗಳನ್ನು ಈಗ ಮನೆಯಲ್ಲಿ ಎದುರಿಸುತ್ತಿರುವ ಓದುಗರಲ್ಲಿ ನನ್ನದೊಂದು ವಿನಂತಿ. ಡ್ರಿಪ್ ಹಾಕಲಿ, ಮೂಗಿಗೆ ನಳಿಗೆ ಹಾಕಲಿ, ಆಂಬ್ಯುಲೆನ್ಸ್ ಕರೆಸಲಿ, ಅದಕ್ಕೆ ಮುಂಚೆ ಡಾಕ್ಟರನ್ನು ಇದೊಂದು ಕೇಳಿ: ‘ಇದರಿಂದ ಇವರಿಗೆ ಯಾವ ಸಂಕಟ ಕಡಿಮೆಯಾಗುತ್ತದೆ?’